ಟವರ್ ಕಳಚಿದ ಮೇಲೆ ರಾಕೆಟ್ ಕೆಟ್ಟರೆ?

> "ರಷ್ಯಾದ ಸೋಯುಜ್ ರಾಕೆಟ್ ತುದಿಯಲ್ಲಿ, ಅಪಾಯವಾದರೆ ಸಿಬ್ಬಂದಿಯ ಕ್ಯಾಪ್ಸೂಲನ್ನು ಎಳೆದೊಯ್ಯುವ ಎಸ್ಕೇಪ್ ಟವರ್ ಎರಡು ನಿಮಿಷದೊಳಗೇ ಕಳಚಿಕೊಳ್ಳುತ್ತಂತೆ. ಆಮೇಲೆ ರಾಕೆಟ್ ಕೆಟ್ಟರೆ ಒಳಗಿದ್ದವರ ಗತಿ?"

2018ರ ಅಕ್ಟೋಬರ್ 11ರಂದು ಸರಿಯಾಗಿ ಇದೇ ಆಯಿತು. ಸೋಯುಜ್ ಎಂಎಸ್-10ರಲ್ಲಿ ಗಗನಯಾತ್ರಿಗಳಾದ ಅಲೆಕ್ಸಿ ಒವ್‌ಚಿನಿನ್ ಮತ್ತು ನಿಕ್ ಹೇಗ್ ಇದ್ದರು. ಟವರ್ ಕಳಚಿ ಕೆಲವೇ ಸೆಕೆಂಡು ಆಗಿತ್ತು. ಪಕ್ಕದ ನಾಲ್ಕು ಬೂಸ್ಟರ್‌ಗಳು ಬಿಟ್ಟುಕೊಳ್ಳುವಾಗ ಒಂದು ಸರಿಯಾಗಿ ದೂರ ಸರಿಯದೆ ನಡುವಿನ ಹಂತಕ್ಕೆ ಬಡಿಯಿತು. ಜೋಡಣೆಯ ವೇಳೆ ಬಾಗಿದ್ದ ಒಂದು ಸೆನ್ಸರ್ ಪಿನ್ನೇ ಕಾರಣ, ನೋಡಿ!

ಟವರ್ ಹೋದರೂ ಕ್ಯಾಪ್ಸೂಲ್ ಮುಚ್ಚಿರುವ ಹೊದಿಕೆಯ ಮೇಲೆ ಬೇರೆ ಸಣ್ಣ ಘನ ಇಂಧನದ ಮೋಟರ್‌ಗಳಿರುತ್ತವೆ. ರಾಕೆಟ್ ದಾರಿ ತಪ್ಪಿದ್ದನ್ನು ಗುರುತಿಸಿದ ವ್ಯವಸ್ಥೆ ತಾನಾಗಿಯೇ ಅವನ್ನು ಹೊತ್ತಿಸಿತು. ಹೊದಿಕೆಯ ಮೇಲ್ಭಾಗ ಸಿಬ್ಬಂದಿಯ ಕ್ಯಾಬಿನ್ ಸಮೇತ ಕಿತ್ತುಕೊಂಡು ಬಂತು. ನೌಕೆಯ ಎಂಜಿನ್ ಇರುವ ಸರ್ವಿಸ್ ಮಾಡ್ಯೂಲ್ ರಾಕೆಟ್ ಜೊತೆಗೇ ಉಳಿಯಿತು. ನಂತರ ಕ್ಯಾಬಿನ್ ಹೊದಿಕೆಯಿಂದ ಹೊರಬಿದ್ದು, ಪ್ಯಾರಾಚೂಟ್ ಬಿಚ್ಚಿ ಕಜಕಸ್ತಾನದ ಬಯಲಲ್ಲಿ ಇಳಿಯಿತು. ಇಬ್ಬರಿಗೂ ಗಾಯವಿಲ್ಲ.

ಸಣ್ಣ ಮೋಟರ್ ಸಾಕಾ ಅಂತೀರಾ? ಆ ಎತ್ತರದಲ್ಲಿ, ಸುಮಾರು 50 ಕಿ.ಮೀ., ಗಾಳಿ ತೀರಾ ತೆಳು, ಎದುರು ಒತ್ತಡ ಇಲ್ಲವೇ ಇಲ್ಲ ಎನ್ನಬಹುದು. ಟವರ್‌ನ ಭಾರೀ ಶಕ್ತಿ ಬೇಕಾಗುವುದು ಕೆಳಗೆ. ನೆಲದ ಮೇಲಿದ್ದಾಗಲಂತೂ ಪ್ಯಾರಾಚೂಟ್ ಬಿಚ್ಚುವಷ್ಟು ಎತ್ತರಕ್ಕೂ ಅದೇ ಒಯ್ಯಬೇಕು. 1983ರಲ್ಲಿ ಬೈಕನೂರಿನಲ್ಲಿ ಉಡಾವಣೆಗೆ ಮುಂಚೆಯೇ ಸೋಯುಜ್ ರಾಕೆಟ್‌ಗೆ ಬೆಂಕಿ ಹತ್ತಿದಾಗ ಒಳಗಿದ್ದ ಟಿಟೋವ್, ಸ್ಟ್ರೆಕಾಲೋವ್ ಇಬ್ಬರನ್ನೂ ಉಳಿಸಿದ್ದು ಟವರೇ. ಮೇಲೆ ಹೋದಮೇಲೆ ಅದು ಸುಮ್ನೆ ಹೊರೆ, ಅದಕ್ಕೇ ಬಿಸಾಡುತ್ತಾರೆ.