‘ಸ್ಟ್ರಾಂಗ್’ ಆ್ಯಂಟಿಬಯಾಟಿಕ್ ಯಾವುದು ಅಂತ ಕೇಳಬೇಡಿ

ಪ್ರಶ್ನೆ: 13 ವರ್ಷದ ಮಗಳಿಗೆ ಜ್ವರ, ಒಣ ಕೆಮ್ಮು ಇತ್ತು. ನಾಲ್ಕು ದಿನ ಅಮಾಕ್ಸಿಸಿಲಿನ್ ಕೊಟ್ಟರೂ ಕಡಿಮೆ ಆಗಲಿಲ್ಲ. ಡಾಕ್ಟರು ಅಜಿಥ್ರೊಮೈಸಿನ್ ಬರೆದರು, ಎರಡೇ ದಿನಕ್ಕೆ ಜ್ವರ ಇಳಿಯಿತು. ಇದು ಜಾಸ್ತಿ ಸ್ಟ್ರಾಂಗ್ ಅಲ್ವಾ? ಇನ್ನು ಮುಂದೆ ಇದನ್ನೇ ಕೊಡಬಹುದಾ?

ಉತ್ತರ: ಅಲ್ಲ, ಕೊಡಬೇಡಿ. ಈ ‘ಸ್ಟ್ರಾಂಗ್’ ಪ್ರಶ್ನೆ ನನಗೆ ಪ್ರತಿ ವಾರ ಬರುತ್ತದೆ. ಒಂದು ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೆಚ್ಚಿನ ಬ್ಯಾಕ್ಟೀರಿಯಾಗಳ ಸುತ್ತ ಬಲೆಯಂಥ ಒಂದು ಗೋಡೆ ಇರುತ್ತದೆ. ಸಕ್ಕರೆಯ ಉದ್ದ ಎಳೆಗಳು, ಅವುಗಳ ನಡುವೆ ಪ್ರೋಟೀನಿನ ಚಿಕ್ಕ ತುಂಡುಗಳ ಗಂಟು. ಗಂಟು ಹಾಕಲು ಒಂದು ಕಿಣ್ವ ಇದೆ. ಅಮಾಕ್ಸಿಸಿಲಿನ್ ನೋಡಲು ಆ ಚಿಕ್ಕ ತುಂಡಿನ ತುದಿಯ ಹಾಗೇ ಇರುತ್ತದೆ. ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ, ಹಿಡಿದ ಮೇಲೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಇತ್ತ ಬೆಳೆಯುತ್ತಿರುವ ಬ್ಯಾಕ್ಟೀರಿಯಾ, ಹೊಸ ಎಳೆಗೆ ಜಾಗ ಮಾಡಲು ಹಳೆಯ ಬಲೆಯನ್ನು ತಾನೇ ಕತ್ತರಿಸುತ್ತಾ ಇರುತ್ತದೆ. ಕತ್ತರಿಸುವ ಕೆಲಸ ನಡೆಯುತ್ತದೆ, ಗಂಟು ಹಾಕುವವರಿಲ್ಲ. ಒಳಗಿನ ಒತ್ತಡಕ್ಕೆ ಗೋಡೆ ಬಿರಿದು ಅದು ಒಡೆದು ಸಾಯುತ್ತದೆ.

ಈಗ ನಿಮ್ಮ ಮಗಳ ವಿಷಯ. ಈ ವಯಸ್ಸಿನ ಮಕ್ಕಳಲ್ಲಿ ಒಣ ಕೆಮ್ಮಿನ ನ್ಯುಮೋನಿಯಾಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಆಗಾಗ ಕಾರಣವಾಗುತ್ತದೆ. ಅದಕ್ಕೆ ಗೋಡೆಯೇ ಇಲ್ಲ, ತೆಳ್ಳನೆಯ ಪೊರೆ ಅಷ್ಟೇ. ಗೋಡೆ ಇಲ್ಲದ ಮೇಲೆ ಗಂಟು ಎಲ್ಲಿಂದ ಬಂತು? ಅಮಾಕ್ಸಿಸಿಲಿನ್ ಡೋಸ್ ಎರಡರಷ್ಟು ಮಾಡಿದರೂ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಮೈಕೋಪ್ಲಾಸ್ಮಾಗೂ ಪ್ರೋಟೀನ್ ಬೇಕು, ಅದನ್ನು ತಯಾರಿಸಲು ರೈಬೋಸೋಮ್ ಬೇಕು. ರೈಬೋಸೋಮಿನಿಂದ ಹೊಸ ಪ್ರೋಟೀನ್ ಹೊರಗೆ ಬರುವ ಸಣ್ಣ ಸುರಂಗ ಒಂದಿದೆ. ಅಜಿಥ್ರೊಮೈಸಿನ್ ಅಲ್ಲೇ ಕೂತು ದಾರಿ ಕಟ್ಟುತ್ತದೆ. ನಮ್ಮ ಜೀವಕೋಶದ ರೈಬೋಸೋಮ್ ರಚನೆ ಬೇರೆ, ಆದ್ದರಿಂದ ನಾವು ಬಚಾವ್.

ಹಾಗಾಗಿ ಎರಡನೆಯ ಔಷಧಿ ಗೆದ್ದಿದ್ದರೆ, ಅದು ಮುಟ್ಟುವ ಜಾಗ ಬೇರೆ ಎಂಬ ಕಾರಣಕ್ಕೆ. ‘ಗೆದ್ದಿದ್ದರೆ’ ಅಂತ ಬೇಕೆಂದೇ ಬರೆದೆ. ಪಿಸಿಆರ್ ಪರೀಕ್ಷೆ ಮಾಡಿಸಿಲ್ಲ ಎಂದಾದರೆ ಮೈಕೋಪ್ಲಾಸ್ಮಾ ಎಂದು ನಾನು ಖಚಿತವಾಗಿ ಹೇಳಲಾರೆ. ವೈರಸ್ ಜ್ವರವೂ ಆರನೆಯ ದಿನ ತಾನಾಗಿ ಇಳಿಯಬಹುದು.

ಮುಂದಿನ ಸಲ ಅವಳಿಗೆ ಸ್ಟ್ರೆಪ್ಟೋಕಾಕಸ್‌ನಿಂದ ಗಂಟಲು ನೋವು ಬಂತು ಅನ್ನಿ. ಆ ಗುಂಪು ‘ಎ’ ಸ್ಟ್ರೆಪ್ಟೋಕಾಕಸ್‌ಗೆ ಗೋಡೆ ಇದೆ, ಅಮಾಕ್ಸಿಸಿಲಿನ್ ಕುಟುಂಬದ್ದೇ ಆದ ಪೆನಿಸಿಲಿನ್ ಇಂದಿಗೂ ಅದನ್ನು ಕೊಲ್ಲುತ್ತದೆ. ಅಜಿಥ್ರೊಮೈಸಿನ್‌ಗೆ ಬಗ್ಗದ ತಳಿಗಳು ಮಾತ್ರ ಹುಟ್ಟಿಕೊಂಡಿವೆ. ನೀವು ‘ಸ್ಟ್ರಾಂಗ್’ ಅಂದುಕೊಂಡಿದ್ದೇ ಅಲ್ಲಿ ಸೋಲಬಹುದು.

ಮೈಕೋಪ್ಲಾಸ್ಮಾದಲ್ಲೂ ಅದು ಯಾವಾಗಲೂ ಗೆಲ್ಲುತ್ತದೆ ಅಂತಿಲ್ಲ. ಆ ಸುರಂಗದ ಪಕ್ಕ ರೈಬೋಸೋಮಿನ ಆರ್‌ಎನ್‌ಎ ಎಳೆಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಔಷಧಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅಜಿಥ್ರೊಮೈಸಿನ್ ಶುರುಮಾಡಿ 48 ರಿಂದ 72 ಗಂಟೆ ಆದರೂ ಜ್ವರ ಇಳಿಯದಿದ್ದರೆ ಈ ಅನುಮಾನ ಬರಬೇಕು, ಡಾಕ್ಟರ ಹತ್ತಿರ ವಾಪಸ್ ಹೋಗಬೇಕು. ಕೆಮ್ಮನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ವಾರಗಟ್ಟಲೆ ಉಳಿಯುತ್ತದೆ. ಆಗ ಅವರು ಡಾಕ್ಸಿಸೈಕ್ಲಿನ್ ಯೋಚಿಸಬಹುದು. ಅದೂ ರೈಬೋಸೋಮನ್ನೇ ಹಿಡಿಯುತ್ತದೆ, ಆದರೆ ಅದರ ಇನ್ನೊಂದು ಹೋಳನ್ನು. ಪ್ರೋಟೀನಿಗೆ ಬೇಕಾದ ಕಚ್ಚಾ ಸಾಮಾನು ಒಳಗೆ ಬರುವ ಬಾಗಿಲನ್ನು ಅದು ಮುಚ್ಚುತ್ತದೆ.

ಮೂರನೆಯ ದಾರಿ ಲೆವೊಫ್ಲಾಕ್ಸಾಸಿನ್. ಡಿಎನ್‌ಎ ಸಿಕ್ಕುಗಟ್ಟದಂತೆ ಒಂದು ಕಿಣ್ವ ಅದನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಜೋಡಿಸುತ್ತದೆ. ಕತ್ತರಿಸಿ ಆದ ಮೇಲೆ, ಜೋಡಿಸುವ ಮೊದಲೇ ಈ ಔಷಧಿ ಅದನ್ನು ಹಿಡಿದು ನಿಲ್ಲಿಸುತ್ತದೆ. ತುಂಡಾದ ಡಿಎನ್‌ಎ ಹಾಗೇ ಉಳಿಯುತ್ತದೆ. ಮಕ್ಕಳಿಗೆ ಇದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಸ್ನಾಯುರಜ್ಜು, ಕೀಲುಗಳಿಗೆ ತೊಂದರೆ ಕೊಡಬಹುದು. ಬೇರೆ ದಾರಿ ಇಲ್ಲದಾಗ ಮಾತ್ರ. ಪರೀಕ್ಷೆ ಮಾಡದೆ ಸುಮ್ನೆ ‘ಪವರ್‌ಫುಲ್ ಗುಳಿಗೆ’ ಎಂದು ಇದನ್ನು ಕೈಗಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನೆಗಡಿಗೆ ಯಾವ ಆ್ಯಂಟಿಬಯಾಟಿಕ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ನೆಗಡಿ ತರುವ ವೈರಸ್‌ಗೆ ಆ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ.

ಪ್ರಶ್ನೆ: ಬೇಗ ವಾಸಿಯಾಗಲಿ ಅಂತ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಎರಡನ್ನೂ ಒಟ್ಟಿಗೆ ತಗೊಳ್ಳಬಹುದಾ?

ಉತ್ತರ: ನೀವಾಗಿಯೇ ಖಂಡಿತ ಬೇಡ. ಮೊದಲನೆಯದು ಕೊಲ್ಲಬೇಕಾದರೆ ಬ್ಯಾಕ್ಟೀರಿಯಾ ಬೆಳೆಯುತ್ತಿರಬೇಕು, ಎರಡನೆಯದು ಆ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ.

ಪ್ರಶ್ನೆ: ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲಿನ ಜೊತೆ ನುಂಗಬಹುದಾ?

ಉತ್ತರ: ಬೇಡ. ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನೀರಿನಲ್ಲಿ ನುಂಗಿ.