65% ಜನ 35ರೊಳಗಿದ್ದರೆ ದೇಶ ತಾನಾಗಿ ಉದ್ಧಾರ ಆಗುತ್ತಾ?

ಪ್ರಶ್ನೆ: ಸರ್, ನಮ್ಮ ದೇಶದಲ್ಲಿ 65% ಜನ 35 ವರ್ಷದೊಳಗಿನವರು. ಇಷ್ಟು ಯುವಶಕ್ತಿ ಇರುವಾಗ ನಾವೂ ಕೊರಿಯಾ ತರ ಶ್ರೀಮಂತರಾಗೋದು ಗ್ಯಾರಂಟಿ ಅಲ್ವಾ?

ಈ 65% ಲೆಕ್ಕ 2011ರ ಸುಮಾರಿನದ್ದು, ಈಗ ಆ ಪಾಲು ಇಳಿದಿದೆ. ಆದರೂ ವಾರಕ್ಕೊಬ್ಬರಾದರೂ ಅದನ್ನೇ ಕಳಿಸುತ್ತಾರೆ. ಅದರಲ್ಲಿ ಅಂಗನವಾಡಿಯಲ್ಲಿ ಮೂಗು ಸೋರಿಸಿಕೊಂಡು ಕೂತ ಮೂರು ವರ್ಷದ ಮಗುವೂ ಸೇರಿದೆ, ಗೊತ್ತಾ? ಎಳೆ ವಯಸ್ಸೊಂದೇ ಸಾಕಾಗಿದ್ದರೆ ಆಫ್ರಿಕಾದ ನೈಜರ್ ಇವತ್ತು ಜಗತ್ತಿನ ಸಾಹುಕಾರ ಆಗಬೇಕಿತ್ತು. ಅಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಹದಿನೈದು ದಾಟದವರು. ದೇಶ ಮಾತ್ರ ಕಡುಬಡತನದಲ್ಲೇ ಇದೆ.

ಯುವಶಕ್ತಿಯಿಂದ ಬರುತ್ತದೆ ಅನ್ನುವ ಲಾಭಕ್ಕೆ ಡೆಮೊಗ್ರಾಫಿಕ್ ಡಿವಿಡೆಂಡ್ ಅನ್ನುತ್ತಾರೆ. ಮಕ್ಕಳು ಜಾಸ್ತಿ ಇದ್ದಾಗ ಅದು ಬರುವುದಿಲ್ಲ. ಹುಟ್ಟುವ ಮಕ್ಕಳು ಕಡಿಮೆಯಾಗಿ, ಮೊದಲೇ ಹುಟ್ಟಿದ್ದವರು ದುಡಿಯುವ ವಯಸ್ಸಿಗೆ ಬಂದಾಗ ಬರುತ್ತದೆ. ಮನೆಯಲ್ಲಿ ದುಡಿಯುವ ಕೈ ಜಾಸ್ತಿ, ಸಾಕಬೇಕಾದ ಬಾಯಿ ಕಡಿಮೆ. ಆಮೇಲೆ ಅದೇ ಕೈಗಳಿಗೆ ವಯಸ್ಸಾಗಿ ಈ ಲಾಭದ ಬಾಗಿಲು ಮುಚ್ಚುತ್ತದೆ. ಡೆಮೊಗ್ರಾಫಿಕ್ ಡಿವಿಡೆಂಡ್ ಅಂದರೆ ಇಷ್ಟೇ.

ಕೊರಿಯಾದ ಹೆಸರು ನೀವೇ ಎತ್ತಿದ್ದೀರಿ, ಅದನ್ನೇ ಲೆಕ್ಕ ಹಾಕೋಣ. 1960ರ ಸುಮಾರಿಗೆ ಅಲ್ಲಿ ಒಬ್ಬ ತಾಯಿಗೆ ಸರಾಸರಿ 6 ಮಕ್ಕಳು. 1980ರ ದಶಕದ ನಡುವಿನೊಳಗೆ ಅದು 2ಕ್ಕೂ ಕೆಳಗಿಳಿಯಿತು. 60ರ ದಶಕದಲ್ಲಿ ನೂರು ಜನರಲ್ಲಿ 15ರಿಂದ 64ರ ವಯಸ್ಸಿನವರು ಸುಮಾರು 53 ಮಂದಿ ಇದ್ದರು, 2010ರ ದಶಕಕ್ಕೆ 73 ಆದರು. ಈಗ ಇವರೆಲ್ಲ ದುಡಿಯುತ್ತಾರೆ, ತಲೆಗೆ 100 ರೂಪಾಯಿ ತರುತ್ತಾರೆ ಅಂತ ಇಟ್ಟುಕೊಳ್ಳಿ. ನೂರು ಜನರಿಗೆ ಹಂಚಿದರೆ ಮೊದಲು ಒಬ್ಬರ ಪಾಲಿಗೆ 53 ರೂಪಾಯಿ, ಆಮೇಲೆ 73. ಅಂದರೆ 38% ಏರಿಕೆ. ಕೇಳೋಕೆ ದೊಡ್ಡದು. ಆದರೆ ಇದಕ್ಕೆ ಹಿಡಿದದ್ದು ನಲವತ್ತೈದು ವರ್ಷಕ್ಕೂ ಜಾಸ್ತಿ. ವರ್ಷದ ಲೆಕ್ಕಕ್ಕೆ ಇಳಿಸಿದರೆ 0.7% ಬರುತ್ತದೆ, ಅಷ್ಟೇ. ಕೊರಿಯಾದ ತಲಾ ಆದಾಯ ಆ ದಶಕಗಳಲ್ಲಿ ವರ್ಷಕ್ಕೆ ಸರಾಸರಿ 6% ಹತ್ತಿರ ಬೆಳೆಯಿತು. ಉಳಿದದ್ದು ಎಲ್ಲಿಂದ ಬಂತು? ಭಾಷಣ ಮಾಡುವವರು ಇಲ್ಲಿಗೆ ಬಂದಾಗ ಮೈಕ್ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ.

ಸ್ವಲ್ಪ ಭಾಗ ಅದೇ ಚಿಕ್ಕ ಕುಟುಂಬದಿಂದಲೇ ಬಂತು, ಆದರೆ ಸುತ್ತಿ ಬಳಸಿ. ಆರು ಮಕ್ಕಳ ಬದಲು ಇಬ್ಬರಿದ್ದಾಗ ಮನೆಯಲ್ಲಿ ದುಡ್ಡು ಉಳಿಯುತ್ತದೆ, ಉಳಿದದ್ದು ಬ್ಯಾಂಕ್ ಸೇರುತ್ತದೆ, ಅಲ್ಲಿಂದ ಕಾರ್ಖಾನೆಗೆ ಹೋಗುತ್ತದೆ. ಆ ಇಬ್ಬರನ್ನೂ ಹೈಸ್ಕೂಲು ದಾಟಿಸಬಹುದು. ತಾಯಿಗೂ ಮನೆಯಿಂದ ಹೊರಗೆ ಬರಲು ಪುರುಸೊತ್ತು ಸಿಗುತ್ತದೆ. ಆದರೆ ಹೊರಗೆ ಬಂದವರಿಗೆ ಕೆಲಸ ಇರಬೇಕಲ್ವಾ? ಕೊರಿಯಾದಲ್ಲಿ ಇತ್ತು. 60ರ ದಶಕದಲ್ಲಿ ಸೋಲ್ ನಗರದ ಗುರೋ ಅನ್ನುವ ಕಡೆ ಕಾರ್ಖಾನೆಗಳ ಬಡಾವಣೆಯೇ ಎದ್ದಿತು. ವಿಗ್ಗು, ಬಟ್ಟೆ, ಮುಂದೆ ಎಲೆಕ್ಟ್ರಾನಿಕ್ಸ್, ಎಲ್ಲ ರಫ್ತಿಗೆ. ಕೆಲಸಕ್ಕೆ ಬಂದವರಲ್ಲಿ ಹಳ್ಳಿಯ ಹುಡುಗಿಯರೇ ಹೆಚ್ಚು. ಹೌದು, ವಿಗ್ಗು! ಕೊರಿಯಾ ಶುರು ಮಾಡಿದ್ದು ಮೊಬೈಲಿನಿಂದ ಅಲ್ಲ, ಕೂದಲಿನಿಂದ. ಆ ಹುಡುಗಿಯರ ದುಡಿಮೆಯೇನು ಸುಖದ್ದಾಗಿರಲಿಲ್ಲ. 1970ರಲ್ಲಿ ಜಿಯಾನ್ ತೇ-ಇಲ್ ಎಂಬ ಯುವ ಟೈಲರ್ ಬಟ್ಟೆ ಕಾರ್ಖಾನೆಗಳ ದುಃಸ್ಥಿತಿ ತಾಳದೆ ಮೈಗೆ ಬೆಂಕಿ ಹಚ್ಚಿಕೊಂಡ. ಕೊರಿಯಾ ಮಾಡಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ವಯಸ್ಸಿಗೆ ಬಂದವರಿಗೆ ಸಂಬಳದ ಕೆಲಸ ಕಾದಿತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಈಗ ನಮ್ಮ ಮನೆಗೆ ಬನ್ನಿ. ಇಲ್ಲಿ ನೂರರಲ್ಲಿ ಸುಮಾರು 68 ಮಂದಿ ದುಡಿಯುವ ವಯಸ್ಸಿನವರು. ಕಾಗದದ ಮೇಲೆ 68 ಜನ 32 ಜನರನ್ನು ಸಾಕಬೇಕು, ಆರಾಮ. ಆದರೆ ವಯಸ್ಸು ದುಡಿಯುವುದಿಲ್ಲ, ಜನ ದುಡಿಯುತ್ತಾರೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ, ಅದೇ ಪಿಎಲ್‌ಎಫ್‌ಎಸ್‌ನಲ್ಲಿ, 2017-18ರಲ್ಲಿ ನೂರು ಜನರಲ್ಲಿ ಕೆಲಸದಲ್ಲಿದ್ದವರು ಸುಮಾರು 35 ಮಾತ್ರ. 35 ಜನ 65 ಜನರನ್ನು ಸಾಕುತ್ತಿದ್ದರು. ಲೆಕ್ಕವೇ ಉಲ್ಟಾ. ಕಾಣೆಯಾದವರು ಯಾರು? ಓದುತ್ತಿರುವ ಹುಡುಗ ಹುಡುಗಿಯರು ಇದ್ದರು ನಿಜ, ಆದರೆ ಜಾಸ್ತಿ ಹೆಂಗಸರು. 15 ದಾಟಿದ ಹೆಂಗಸರಲ್ಲಿ ಕೆಲಸದಲ್ಲಿದ್ದವರು ಅಥವಾ ಹುಡುಕುತ್ತಿದ್ದವರು ಬರೀ 23%.

2023-24ಕ್ಕೆ ಅದು 41.7% ಆಯಿತಲ್ಲ ಸಾರ್ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಆಯಿತು. ಆದರೆ ಕೆಲಸದಲ್ಲಿರುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಗಂಡನ ಕಿರಾಣಿ ಅಂಗಡಿಯಲ್ಲಿ ಮಧ್ಯಾಹ್ನ ಕೂತು ಬೇಳೆ ತೂಗುವವಳೂ ಈ ಲೆಕ್ಕದಲ್ಲಿ ಉದ್ಯೋಗಿಯೇ. ಅವಳದು ದುಡಿಮೆ ಅಲ್ಲ ಅಂದವರ ಮೇಲೆ ನಾನೇ ಜಗಳಕ್ಕೆ ಹೋಗುತ್ತೇನೆ. ಆದರೆ ಅವಳು ಕೂತದ್ದರಿಂದ ಅಂಗಡಿಯ ವ್ಯಾಪಾರ ಎಷ್ಟು ಏರಿತು? ಗುರೋದ ಹುಡುಗಿ ಗದ್ದೆಯಿಂದ ಕಾರ್ಖಾನೆಗೆ ಹೋದಾಗ ಅವಳ ಒಂದು ದಿನದ ದುಡಿಮೆಯ ಬೆಲೆಯೇ ಏರಿತು. ನಮ್ಮಲ್ಲಿ ಕೋವಿಡ್ ಬಂದ ಮೇಲೆ ದುಡಿಯುವವರಲ್ಲಿ ಕೃಷಿಯನ್ನು ನಂಬಿದವರ ಪಾಲು ಮತ್ತೆ 46%ಗೆ ಹತ್ತಿ 2023-24ರಲ್ಲೂ ಅಲ್ಲೇ ಕೂತಿತ್ತು. ಜನ ಹೋದ ದಿಕ್ಕೇ ಬೇರೆ.

ನಮ್ಮಲ್ಲಿ ಗುರೋಗೆ ಹತ್ತಿರದ್ದು ಏನಾದರೂ ಇದ್ದರೆ ಬೆಂಗಳೂರಿನ ಗಾರ್ಮೆಂಟ್ಸ್. ಮೈಸೂರು ರಸ್ತೆಯ ಒಂದು ಫ್ಯಾಕ್ಟರಿ ಗೇಟಿನ ಮುಂದೆ ಸಂಜೆ ನಿಂತು ಹೆಂಗಸರನ್ನು ಮಾತಾಡಿಸಿದ್ದೇನೆ. ಒಬ್ಬಾಕೆ ಮದುವೆಗೆ ಮುಂಚೆ ನಾಲ್ಕು ವರ್ಷ ಟೈಲರ್ ಆಗಿದ್ದಳು, ಮಗು ಆದಮೇಲೆ ಬಿಟ್ಟಳು, ಮಗು ಶಾಲೆಗೆ ಸೇರಿದ ಮೇಲೆ ವಾಪಸ್ ಬಂದಾಗ ಹೆಲ್ಪರ್ ಕೆಲಸ, ಹೆಲ್ಪರ್ ಸಂಬಳ. "ಅತ್ತೆ ನೋಡ್ಕೊಂಡಿದ್ರೆ ಬಿಡ್ತಾನೇ ಇರ್ಲಿಲ್ಲ ಸಾರ್" ಅಂದಳು. ಮಗು ಬಿಡಲು ಒಂದು ನಂಬಿಕೆಯ ಜಾಗ ಇಲ್ಲದ್ದಕ್ಕೆ ಐದಾರು ವರ್ಷದ ಡಿವಿಡೆಂಡ್ ಹೋಯಿತು. ಹಾಗಾಗಿ ದಯವಿಟ್ಟು 65% ಫಾರ್ವರ್ಡ್ ಮಾಡಬೇಡಿ. ನೂರರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ, ಅದರಲ್ಲಿ ಸಂಬಳದವರು ಎಷ್ಟು, ಹೆಂಗಸರು ಎಷ್ಟು ಅಂತ ನೋಡಿ.

ಪ್ರಶ್ನೆ: ದಕ್ಷಿಣದಲ್ಲಿ ಮಕ್ಕಳು ಕಡಿಮೆಯಾಗ್ತಿದ್ದಾರೆ. ಮೂರು ಮೂರು ಹೆತ್ತರೆ ಲಾಭ ವಾಪಸ್ ಬರಲ್ವಾ?

ಇವತ್ತು ಹುಟ್ಟಿದ ಕೂಸು ದುಡಿಯಲು ಇಪ್ಪತ್ತು ವರ್ಷ ಬೇಕು. ಅಲ್ಲಿಯತನಕ ಅದು ಸಾಕಬೇಕಾದ ಇನ್ನೊಂದು ಬಾಯಿ. ಹೆರುವವರು ಯಾರು, ಕೆಲಸ ಬಿಡುವವರು ಯಾರು ಅಂತ ಮನೆಯಲ್ಲಿ ಕೇಳಿ.

ಪ್ರಶ್ನೆ: ಯುವಕರಿಗೆ ಸ್ಕಿಲ್ ಇಲ್ಲ, ಅದಕ್ಕೇ ಕೆಲಸ ಇಲ್ಲ. ನಮ್ಮ 45 ದಿನದ ಸರ್ಟಿಫಿಕೇಟ್ ಕೋರ್ಸ್ ಬಗ್ಗೆ ಎರಡು ಮಾತು ಬರೀತೀರಾ?

ಬರೆಯುತ್ತೇನೆ: ದುಡ್ಡು ಕಟ್ಟಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿ ಪ್ರಕಾರ ನಮ್ಮಲ್ಲಿ ಪದವಿ ಮುಗಿಸಿದ ಯುವಜನರ ನಿರುದ್ಯೋಗ 29%, ಓದು ಬರಹ ಬಾರದವರದ್ದು 3.4%. ಓದದವರಿಗೆ ಒಳ್ಳೆ ಕೆಲಸ ಸಿಗುತ್ತಿದೆ ಅಂತ ಇದರ ಅರ್ಥ ಅಲ್ಲ, ಸುಮ್ನೆ ಕೂರುವ ಅನುಕೂಲ ಅವರಿಗಿಲ್ಲ. ಕೆಲಸವೇ ಹುಟ್ಟದ ಕಡೆ 45 ದಿನದ ಕಾಗದ ಏನು ಮಾಡೀತು?

ಪ್ರಶ್ನೆ: ಈ ಅವಕಾಶ ಯಾವ ವರ್ಷ ಮುಗಿಯುತ್ತೆ?

ದೇಶಕ್ಕೊಂದೇ ವರ್ಷ ಇಲ್ಲ. 2018-19ರ ಆರ್ಥಿಕ ಸಮೀಕ್ಷೆ 2041ರ ಸುಮಾರಿಗೆ ತುತ್ತತುದಿ ಅಂದಿತ್ತು, ಆದರೆ ಅದು ಒಟ್ಟು ದೇಶದ ಲೆಕ್ಕ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ತಾಯಿಗೆ 1.7 ಮಕ್ಕಳು, ಬಿಹಾರದಲ್ಲಿ 3. ನಮ್ಮ ಬಾಗಿಲು ಬೇಗ ಮುಚ್ಚುತ್ತದೆ, ಅವರದ್ದು ಈಗ ತೆರೆಯುತ್ತಿದೆ. ನಿಮ್ಮ ಪಕ್ಕದ ಸೈಟಿನಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುವ ಹುಡುಗ ಯಾವ ಊರಿನವನು ಅಂತ ಒಮ್ಮೆ ಕೇಳಿ ನೋಡಿ.