ಮಂಡಿಯ ಲೋಹಕ್ಕೆ ಹತ್ತಿದ ಇನ್ಫೆಕ್ಷನ್: ಡ್ರಿಪ್ಪೋ, ಮಾತ್ರೆಯೋ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಮಂಡಿ ಕೀಲು ಬದಲಾಯಿಸಿ ಮೂರು ವಾರಕ್ಕೆ ಕೀವು ಬಂತು. ಮತ್ತೆ ತೆರೆದು ತೊಳೆದಿದ್ದಾರೆ, ಲೋಹ ಹಾಗೇ ಬಿಟ್ಟಿದ್ದಾರೆ. ಕಲ್ಚರ್‌ನಲ್ಲಿ ಸ್ಟಫೈಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಬಂದಿದೆ. ಆರು ವಾರ ಡ್ರಿಪ್‌ನಲ್ಲೇ ಔಷಧ ಹೋಗಬೇಕು ಅಂತ ಓದಿದ್ದೆ. ಡಾಕ್ಟರು ಹತ್ತೇ ದಿನಕ್ಕೆ ಮಾತ್ರೆಗೆ ಬದಲಾಯಿಸ್ತೀವಿ, ಗಾಯ ಒಣಗಿದ ಮೇಲೆ ರಿಫಾಂಪಿಸಿನ್ ಸೇರಿಸ್ತೀವಿ ಅಂತಾರೆ. ಅದು ಟಿಬಿ ಔಷಧ ಅಲ್ವಾ? ಬೇಗ ಮನೆಗೆ ಕಳಿಸೋಕೆ ಹೀಗೆ ಮಾಡ್ತಿದ್ದಾರಾ? ತಂದೆ ಹೃದಯಕ್ಕೆ ಅಪಿಕ್ಸಬಾನ್ ಕೂಡ ತಗೊಳ್ತಾರೆ.

ಉತ್ತರ: ನಾನು ಸೋಂಕು ರೋಗಗಳ ವೈದ್ಯೆ. ಮೂಳೆ ಡಾಕ್ಟರು ಕೀಲು ತೊಳೆದ ಮೇಲೆ ಮುಂದಿನ ಔಷಧ ಯಾವುದು, ಎಷ್ಟು ದಿನ ಅಂತ ನೋಡುವುದು ನನ್ನ ಕೆಲಸ. ನಿಮ್ಮ ತಂದೆಯವರ ರಿಪೋರ್ಟ್ ನಾನು ನೋಡಿಲ್ಲ. ಆದರೆ ನೀವು ಬರೆದಿರುವಷ್ಟರಲ್ಲಿ ಡಾಕ್ಟರು ಹೇಳಿದ ದಾರಿ ಸರಿಯಾಗಿಯೇ ಇದೆ. ನನಗೆ ಚಿಂತೆ ಹುಟ್ಟಿಸಿದ್ದು ನೀವು ಕೊನೆಯಲ್ಲಿ ಬರೆದ ಒಂದು ಸಾಲು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್. ಅದಕ್ಕೆ ಆಮೇಲೆ ಬರುತ್ತೇನೆ.

ಮೂಳೆಯ ಸೋಂಕಿಗೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ಔಷಧ ಹೋಗಬೇಕು ಎಂಬ ಮಾತು ಗಟ್ಟಿಯಾಗಿದ್ದು 1970ರ ಸುಮಾರಿಗೆ. ಆಗ ಕೈಯಲ್ಲಿದ್ದದ್ದು ಹೆಚ್ಚಾಗಿ ಪೆನಿಸಿಲಿನ್ ಕುಟುಂಬದ ಔಷಧಗಳು. ಅವನ್ನು ಬಾಯಿಂದ ಕೊಟ್ಟರೆ ರಕ್ತದಲ್ಲಿ ಸಿಗುವ ಮಟ್ಟ ಕಡಿಮೆ. ಹಾಗಾಗಿ ಆ ಕಾಲಕ್ಕೆ ಆ ಮಾತು ಸರಿಯೇ. ಆಮೇಲೆ ಬಂದ ಕೆಲವು ಔಷಧಗಳ ಕಥೆ ಬೇರೆ. ಲೀವೊಫ್ಲಾಕ್ಸಸಿನ್ ನುಂಗಿದರೆ ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತದೆ. ಲಿನೆಜೋಲಿಡ್ ಕೂಡ ಹಾಗೆಯೇ. ರಕ್ತಕ್ಕೆ ಸೇರಿದ ಮೇಲೆ ಔಷಧ ಬಾಯಿಂದ ಬಂತೋ ಸೂಜಿಯಿಂದ ಬಂತೋ ಮೂಳೆಗೆ ಗೊತ್ತಾಗುವುದಿಲ್ಲ.

ಇದನ್ನು ನೇರವಾಗಿ ಪರೀಕ್ಷಿಸಿದ್ದು ಬ್ರಿಟನ್ನಿನ ಒವಿವಾ ಎಂಬ ಅಧ್ಯಯನ. 2019ರಲ್ಲಿ ಪ್ರಕಟವಾಯಿತು. 26 ಆಸ್ಪತ್ರೆಗಳ 1054 ಜನ ಅದರಲ್ಲಿದ್ದರು. ಎಲ್ಲರಿಗೂ ಮೂಳೆಯ ಅಥವಾ ಕೀಲಿನ ಸೋಂಕು, ಕೃತಕ ಕೀಲಿನವರೂ ತುಂಬ ಜನ ಇದ್ದರು. ಆಪರೇಷನ್ ಆಗಿ ಒಂದು ವಾರದೊಳಗೆ ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ವಾರ ಡ್ರಿಪ್, ಇನ್ನೊಂದಕ್ಕೆ ಆರು ವಾರ ಮಾತ್ರೆ. ಒಂದು ವರ್ಷ ಬಿಟ್ಟು ನೋಡಿದಾಗ ಡ್ರಿಪ್ ಗುಂಪಿನಲ್ಲಿ ನೂರಕ್ಕೆ 14.6 ಜನರಲ್ಲಿ ಚಿಕಿತ್ಸೆ ಸೋತಿತ್ತು. ಮಾತ್ರೆ ಗುಂಪಿನಲ್ಲಿ 13.2. ಡ್ರಿಪ್‌ಗಾಗಿ ಹಾಕುವ ಟ್ಯೂಬಿನ ತೊಂದರೆಗಳು ಮಾತ್ರ ಡ್ರಿಪ್ ಗುಂಪಿನಲ್ಲೇ ಜಾಸ್ತಿ. ವಾರಗಟ್ಟಲೆ ತೋಳಿನಲ್ಲಿ ಟ್ಯೂಬ್ ಇಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅದು ರಕ್ತ ಹೆಪ್ಪುಗಟ್ಟಿಸುತ್ತದೆ, ಒಮ್ಮೊಮ್ಮೆ ಹೊಸ ಸೋಂಕನ್ನೂ ತರುತ್ತದೆ.

ಆದರೆ ಒಂದು ಮಿತಿ ನೆನಪಿರಲಿ. ಆರಿಯಸ್ ರಕ್ತದಲ್ಲೇ ಹರಿದಾಡುತ್ತಿದ್ದವರನ್ನು, ಹೃದಯದ ಕವಾಟಕ್ಕೆ ಸೋಂಕು ಹತ್ತಿದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅಂಥವರಿಗೆ ಡ್ರಿಪ್ ಮೊದಲು. ನಿಮ್ಮ ತಂದೆಯವರ ಬ್ಲಡ್ ಕಲ್ಚರ್ ಏನು ಬಂತು ಎಂದು ಕೇಳಿ. ಏನೂ ಬೆಳೆದಿಲ್ಲ ಎಂದಾದರೆ ಹತ್ತು ದಿನಕ್ಕೆ ಮಾತ್ರೆ ಎನ್ನುವುದರಲ್ಲಿ ಅವಸರ ಇಲ್ಲ. ಇನ್ನೊಂದು ವಿಷಯ, ಡ್ರಿಪ್ ನಿಂತಿತು ಅಂದರೆ ಚಿಕಿತ್ಸೆ ಚಿಕ್ಕದಾಯಿತು ಅಂತಲ್ಲ. ಫ್ರಾನ್ಸಿನಲ್ಲಿ ಕೃತಕ ಕೀಲಿನ ಸೋಂಕಿಗೆ ಆರು ವಾರ ಸಾಕೋ ಹನ್ನೆರಡು ವಾರ ಬೇಕೋ ಎಂದು ನೋಡಿದರು. ಅದು 2021ರಲ್ಲಿ ಬಂತು. ನಿಮ್ಮ ತಂದೆಯವರ ಹಾಗೆ ತೊಳೆದು ಲೋಹ ಉಳಿಸಿಕೊಂಡವರಲ್ಲಿ ಆರು ವಾರ ಕೊಟ್ಟಾಗ ಶೇಕಡಾ 30.7 ಮಂದಿಗೆ ಸೋಂಕು ಉಳಿಯಿತು. ಹನ್ನೆರಡು ವಾರ ಕೊಟ್ಟಾಗ 14.5. ಅದಕ್ಕೇ ನಾನು ಮೂರು ತಿಂಗಳಿಗಿಂತ ಮೊದಲು ನಿಲ್ಲಿಸುವುದಿಲ್ಲ.

ಈಗ ರಿಫಾಂಪಿಸಿನ್. ಹೌದು, ಅದು ಟಿಬಿ ಔಷಧವೇ. ಆದರೆ ಅದನ್ನು ಇಲ್ಲಿ ಸೇರಿಸುವುದಕ್ಕೆ ಕಾರಣ ಬೇರೆ. ಲೋಹದ ಮೇಲೆ ಕೂತ ಆರಿಯಸ್ ತನ್ನ ಸುತ್ತ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತದೆ. ಇದನ್ನೇ ಬಯೋಫಿಲ್ಮ್ ಅನ್ನುವುದು. ಅದರೊಳಗಿನ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿ ಮಲಗಿರುತ್ತವೆ. ಪೆನಿಸಿಲಿನ್ ಜಾತಿಯ ಔಷಧಗಳು ಹೊಡೆಯುವುದು ಬ್ಯಾಕ್ಟೀರಿಯಾ ಗೋಡೆ ಕಟ್ಟುವಾಗ. ಗೋಡೆ ಕಟ್ಟದೆ ಮಲಗಿರುವವಕ್ಕೆ ಅವು ಅಷ್ಟಾಗಿ ತಾಗುವುದಿಲ್ಲ. ರಿಫಾಂಪಿಸಿನ್ ಮಲಗಿರುವವನ್ನೂ ಕೊಲ್ಲಬಲ್ಲದು. ಪದರ ಹೊಸದಾಗಿದ್ದು, ಆಪರೇಷನ್‌ನಲ್ಲಿ ಬಹುಪಾಲು ಕೆರೆದು ತೆಗೆದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಅಂದಹಾಗೆ, ತೊಳೆಯುವಾಗ ಮಧ್ಯದ ಪ್ಲಾಸ್ಟಿಕ್ ತುಂಡನ್ನು ಬದಲಾಯಿಸಿದರಾ ಎಂದು ಕೇಳಿ ನೋಡಿ. ಅದನ್ನು ತೆಗೆದರೆ ಮಾತ್ರ ಅದರ ಹಿಂದಿನ ಸಂದು ಕೈಗೆ ಸಿಗುವುದು.

ರಿಫಾಂಪಿಸಿನ್‌ಗೆ ದೊಡ್ಡ ದೌರ್ಬಲ್ಯವೂ ಒಂದಿದೆ. ಬ್ಯಾಕ್ಟೀರಿಯಾದ ಒಂದೇ ಜೀನಿನಲ್ಲಿ ಒಂದೇ ಅಕ್ಷರ ಬದಲಾದರೂ ರಿಫಾಂಪಿಸಿನ್ ಕೆಲಸಕ್ಕೆ ಬಾರದ ಹಾಗಾಗಬಹುದು. ಕೋಟಿಗೋ ಹತ್ತು ಕೋಟಿಗೋ ಒಂದು ಬ್ಯಾಕ್ಟೀರಿಯಾದಲ್ಲಿ ಆ ಬದಲಾವಣೆ ಆಗಲೇ ಇರುತ್ತದೆ. ಕೀವು ತುಂಬಿದ ಮಂಡಿಯಲ್ಲಿ ಕೋಟಿಗಳಿಗೆ ಬರವಿಲ್ಲ. ಹಾಗಾಗಿ ಅದನ್ನು ಒಂಟಿಯಾಗಿ ಕೊಟ್ಟರೆ ಉಳಿದವು ಸತ್ತು, ಆ ಒಂದು ಬೆಳೆದು ತುಂಬಿಕೊಳ್ಳುತ್ತದೆ. ಅದಕ್ಕೇ ಮೂರು ಷರತ್ತು ಇಟ್ಟುಕೊಳ್ಳುತ್ತೇವೆ. ಮೊದಲು ಬೇರೆ ಔಷಧ ಕೊಟ್ಟು ಸಂಖ್ಯೆ ಇಳಿಸಬೇಕು. ಜೊತೆಗೆ ಯಾವಾಗಲೂ ಇನ್ನೊಂದು ಔಷಧ ಇರಬೇಕು, ಅದು ಈ ಬ್ಯಾಕ್ಟೀರಿಯಾಕ್ಕೆ ನಾಟುತ್ತದೆ ಎಂದು ಕಲ್ಚರ್ ರಿಪೋರ್ಟ್ ಹೇಳಿರಬೇಕು. ಮತ್ತು ಗಾಯ ಒಣಗಿರಬೇಕು. ರಸಿಗೆ ಒಸರುತ್ತಿರುವ ಗಾಯ ಅಂದರೆ ಚರ್ಮದ ಬ್ಯಾಕ್ಟೀರಿಯಾ ಒಳಗೆ ಇಳಿಯಲು ತೆರೆದ ಬಾಗಿಲು. ರಿಫಾಂಪಿಸಿನ್ ಶುರುವಾಗಿದ್ದರೆ ಇಳಿಯುವವು ಅದನ್ನು ತಡೆದುಕೊಳ್ಳುವ ಜಾತಿಯವೇ ಆಗಿರುತ್ತವೆ. ನಿಮ್ಮ ಡಾಕ್ಟರು ಕಾಯುತ್ತಿರುವುದು ಇದಕ್ಕೆ. ನನಗೆ ಇದನ್ನು ಕೇಳಿಯೇ ಅವರ ಮೇಲೆ ನಂಬಿಕೆ ಬಂತು.

ಪುರಾವೆ ಎಷ್ಟು ಗಟ್ಟಿ ಎಂದು ಕೇಳಿದರೆ, ನಾವು ಬಯಸುವಷ್ಟು ಗಟ್ಟಿ ಇಲ್ಲ. 1998ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನ ಬಂತು, 33 ಜನ ಅಷ್ಟೇ. ಚಿಕಿತ್ಸೆ ಪೂರ್ತಿ ಮುಗಿಸಿದವರಲ್ಲಿ ಸಿಪ್ರೊಫ್ಲಾಕ್ಸಸಿನ್ ಜೊತೆ ರಿಫಾಂಪಿಸಿನ್ ತಗೊಂಡ 12 ಜನರೂ ಗುಣವಾದರು. ಸಿಪ್ರೊಫ್ಲಾಕ್ಸಸಿನ್ ಒಂದನ್ನೇ ತಗೊಂಡ 12ರಲ್ಲಿ 7 ಜನ. ಇಡೀ ಪದ್ಧತಿ ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆ. 2020ರಲ್ಲಿ ನಾರ್ವೆಯ ಅಧ್ಯಯನ ಬಂತು. ಅಲ್ಲಿ ರಿಫಾಂಪಿಸಿನ್ ಸೇರಿಸಿದವರಲ್ಲಿ ಶೇಕಡಾ 74, ಸೇರಿಸದವರಲ್ಲಿ 72 ಮಂದಿ ಗುಣವಾದರು. ಅಂದರೆ ವ್ಯತ್ಯಾಸವೇ ಇಲ್ಲ. ಆದರೆ ಅಲ್ಲಿ ಜೊತೆಗಿದ್ದದ್ದು ಕ್ಲಾಕ್ಸಾಸಿಲಿನ್ ಅಥವಾ ವ್ಯಾಂಕೊಮೈಸಿನ್, ಫ್ಲಾಕ್ಸಸಿನ್ ಜಾತಿಯದ್ದಲ್ಲ. ಅದೂ ಸಣ್ಣ ಅಧ್ಯಯನವೇ. ನನ್ನ ನಿಲುವು ಇಷ್ಟು: ಸ್ಟಫೈಲೋಕಾಕಸ್ ಇದ್ದು, ಲೋಹ ಉಳಿಸಿಕೊಂಡಿದ್ದು, ಲೀವೊಫ್ಲಾಕ್ಸಸಿನ್ ನಾಟುವಂತಿದ್ದರೆ ರಿಫಾಂಪಿಸಿನ್ ಕೊಡುತ್ತೇನೆ. ಬೇರೆ ಬ್ಯಾಕ್ಟೀರಿಯಾ ಇದ್ದರೆ ಈ ಲೆಕ್ಕಕ್ಕೆ ಆಧಾರವಿಲ್ಲ. ರೋಗಿಗೆ ಅದು ತಡೆಯದಿದ್ದರೆ ನಿಲ್ಲಿಸಲು ಹಿಂದೆ ಮುಂದೆ ನೋಡುವುದಿಲ್ಲ.

ನನ್ನ ಒಬ್ಬ ರೋಗಿಯ ಕಥೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. 66 ವರ್ಷದ ಹೆಂಗಸು. ಮಂಡಿ ಬದಲಾಯಿಸಿ 18ನೇ ದಿನಕ್ಕೆ ಕೆಂಪಾಗಿ ಒಸರತೊಡಗಿತು. ತೊಳೆದಾಗ ತೆಗೆದ ಐದು ಸ್ಯಾಂಪಲ್‌ಗಳಲ್ಲಿ ನಾಲ್ಕರಲ್ಲಿ ಆರಿಯಸ್. ಸೆಫಜೋಲಿನ್ 2 ಗ್ರಾಂ ಎಂಟು ಗಂಟೆಗೊಮ್ಮೆ ಡ್ರಿಪ್‌ನಲ್ಲಿ ಹೋಯಿತು. ಒಂಬತ್ತನೇ ದಿನ ಬ್ಯಾಂಡೇಜ್ ಬಿಚ್ಚಿದರೆ ಬಟ್ಟೆ ಪೂರ್ತಿ ಒಣಗಿತ್ತು. ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ 142ರಿಂದ 38ಕ್ಕೆ ಇಳಿದಿತ್ತು. ಅವತ್ತು ಲೀವೊಫ್ಲಾಕ್ಸಸಿನ್ 500 ಮಿಲಿಗ್ರಾಂ ಎರಡು ಹೊತ್ತು, ರಿಫಾಂಪಿಸಿನ್ 450 ಮಿಲಿಗ್ರಾಂ ಎರಡು ಹೊತ್ತು ಶುರು ಮಾಡಿ ಡ್ರಿಪ್ ತೆಗೆದೆವು. ಮಾರನೇ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ.

ಅವರು ಹೃದಯದ ಬಡಿತ ತಪ್ಪುತ್ತದೆ ಎಂದು ವಾರ್ಫರಿನ್ ತಗೊಳ್ಳುತ್ತಿದ್ದರು, ಅದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವೇ, ದಿನಕ್ಕೆ 4 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 2.5ರ ಆಸುಪಾಸಿನಲ್ಲಿ ನಿಂತಿತ್ತು. ರಿಫಾಂಪಿಸಿನ್ ಏನು ಮಾಡುತ್ತದೆ ಅಂದರೆ, ಔಷಧ ಕರಗಿಸಿ ಹೊರಹಾಕುವ ಲಿವರ್‌ನ ಕಿಣ್ವಗಳನ್ನು ಹೆಚ್ಚಿಸಿಬಿಡುತ್ತದೆ. ಎರಡು ವಾರಕ್ಕೆ ಐಎನ್‌ಆರ್ 1.2. ವಾರ್ಫರಿನ್ ಏರಿಸುತ್ತಾ ಹೋಗಿ 10 ಮಿಲಿಗ್ರಾಂಗೆ ನಿಲ್ಲಿಸಿದೆವು. ಮಂಡಿ ಚೆನ್ನಾಗಿ ಮಾಯಿತು. ಮೂರು ತಿಂಗಳಿಗೆ ಎರಡೂ ಮಾತ್ರೆ ನಿಲ್ಲಿಸಿದೆವು. ಕಿಣ್ವಗಳು ಹಳೆಯ ಮಟ್ಟಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ವಾರ್ಫರಿನ್ ಇಳಿಸುತ್ತಾ ಬರಬೇಕು. ಅದನ್ನು ನಾನು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದೆ, ಆದರೆ ಫೋನ್ ಮಾಡಿ ಹೇಳಲಿಲ್ಲ. ಹತ್ತನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ನಿಲ್ಲಲಿಲ್ಲ ಎಂದು ಬಂದರು. ಐಎನ್‌ಆರ್ 5.8. ದೊಡ್ಡ ಅನಾಹುತ ಆಗಲಿಲ್ಲ. ಆದರೆ ಅವತ್ತಿಂದ ರಿಫಾಂಪಿಸಿನ್ ಶುರುವಾಗುವ ದಿನದಷ್ಟೇ ನಿಲ್ಲುವ ದಿನವನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೇನೆ.

ನಿಮ್ಮ ತಂದೆಯವರದ್ದು ಅಪಿಕ್ಸಬಾನ್. ರಿಫಾಂಪಿಸಿನ್ ಜೊತೆ ರಕ್ತದಲ್ಲಿ ಅದರ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವಾರ್ಫರಿನ್‌ಗೆ ಇರುವ ಹಾಗೆ ಆಗಾಗ ಅಳೆದು ಡೋಸ್ ಏರಿಸುವ ಸುಲಭದ ದಾರಿ ಇದಕ್ಕೆ ಇಲ್ಲ. ಹಾಗಾಗಿ ಇವೆರಡನ್ನೂ ಸುಮ್ನೆ ಒಟ್ಟಿಗೆ ಕೊಡಬಾರದು. ಅಪಿಕ್ಸಬಾನ್ ಬದಲಿಗೆ ಬೇರೆ ಏನು ಕೊಡಬೇಕು, ಅಥವಾ ರಿಫಾಂಪಿಸಿನ್ ಬಿಟ್ಟೇ ಚಿಕಿತ್ಸೆ ಮುಂದುವರಿಸಬೇಕಾ ಎಂದು ಹೃದಯದ ಡಾಕ್ಟರು ಮತ್ತು ಸೋಂಕಿನ ಡಾಕ್ಟರು ಕೂತು ಮಾತಾಡಬೇಕು, ಅದೂ ಮೊದಲ ಕ್ಯಾಪ್ಸೂಲ್ ನುಂಗುವ ಮುಂಚೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಅವರು ತಗೊಳ್ಳುವ ಅಷ್ಟೂ ಮಾತ್ರೆಗಳ ಪಟ್ಟಿ ಬರೆದು ಕೊಡಿ. ಸಕ್ಕರೆ ಕಾಯಿಲೆಯದ್ದು, ಕೊಲೆಸ್ಟರಾಲ್‌ನದ್ದು ಇದ್ದರೆ ಅವೂ ಸೇರಲಿ, ಕೆಲವಕ್ಕೆ ಇದೇ ಗತಿ.

ಮನೆಗೆ ಬಂದ ಮೇಲೆ ಲೀವೊಫ್ಲಾಕ್ಸಸಿನ್ ಅನ್ನು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಸಿಡಿಟಿ ಸಿರಪ್ ಜೊತೆ ಕೊಡಬೇಡಿ. ಅವು ಹೊಟ್ಟೆಯಲ್ಲೇ ಅದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಬಿಡುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಇರಲಿ. ರಿಫಾಂಪಿಸಿನ್ ಖಾಲಿ ಹೊಟ್ಟೆಗೆ. ಹಿಮ್ಮಡಿಯ ಹಿಂದೆ ಹಗ್ಗದ ಹಾಗೆ ಕೈಗೆ ಸಿಗುವ ಜಾಗದಲ್ಲಿ ನೋವು ಬಂದರೆ ಅದು ಲೀವೊಫ್ಲಾಕ್ಸಸಿನ್‌ನಿಂದ ಇರಬಹುದು. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಹೆಚ್ಚಾದರೆ ಲಿವರ್ ಪರೀಕ್ಷೆ ಬೇಕು. ಎರಡಕ್ಕೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಇಳಿಯುತ್ತಿದ್ದ ಸಿಆರ್‌ಪಿ ಮತ್ತೆ ಏರಿದರೆ, ಒಣಗಿದ ಗಾಯ ಮತ್ತೆ ಒದ್ದೆಯಾದರೆ ಔಷಧ ಬದಲಾಯಿಸಿ ಕಾಯುವ ಸಮಯ ಅದಲ್ಲ, ಮೂಳೆ ಡಾಕ್ಟರು ಮಂಡಿ ನೋಡಬೇಕು.

ಅಪಿಕ್ಸಬಾನ್ ವಿಷಯ ನಾಳೆ ಬೆಳಗ್ಗೆ ರೌಂಡ್ಸ್‌ಗೆ ಬಂದಾಗಲೇ ಕೇಳಿ. ಏನು ಹೇಳಿದರು ಅಂತ ಇಲ್ಲಿ ಬರೆದರೆ ಓದಿ ಉತ್ತರಿಸುತ್ತೇನೆ.